ಔಷಧಿ ಅಂಗಡಿಯ ಗೋಡೆಗೆ ನಾಲ್ಕು ಸಾಲಿನ ಪರಿಚಯ: ಡಿ.ಫಾರ್ಮ ಸಹಪಾಠಿಗಳಿಗೆ ಟಿಪ್ಪಣಿ

ಡಿ.ಫಾರ್ಮ ಮುಗಿಸಿ ನೋಂದಣಿಗೆ ಮೊದಲು ಐನೂರು ಗಂಟೆಗಳ ಪ್ರಾಯೋಗಿಕ ತರಬೇತಿ ಮಾಡಬೇಕಲ್ಲ, ನನ್ನದು ಮಂಡ್ಯದ ಒಂದು ಔಷಧಿ ಅಂಗಡಿಯಲ್ಲಿ ನಡೆಯುತ್ತಿದೆ. ಅಂಗಡಿ ನಡೆಸುವ ಫಾರ್ಮಸಿಸ್ಟ್ ಹೆಂಗಸು. ಊರಿನವರಿಗೆಲ್ಲ ಅವರು ಅಕ್ಕ, ನನಗೂ ಅಕ್ಕ. ಕಳೆದ ತಿಂಗಳು ಅವರು ಒಂದು ಕೆಲಸ ಒಪ್ಪಿಸಿದರು: ಕೌಂಟರ್ ಹಿಂದಿನ ಗೋಡೆಗೆ ಮತ್ತು ಅಂಗಡಿಯ ಮೊಬೈಲ್ ಸಂಖ್ಯೆಯ ಪರಿಚಯದ ಜಾಗಕ್ಕೆ ತಮ್ಮ ಬಗ್ಗೆ ನಾಲ್ಕು ಸಾಲು ಬರೆದುಕೊಡಬೇಕು. ಹತ್ತು ನಿಮಿಷದ ಕೆಲಸ ಎಂದುಕೊಂಡೆ, ನಾಲ್ಕು ದಿನ ಹಿಡಿಯಿತು. ಫಾರ್ಮಸಿ ಕಾಯ್ದೆಯನ್ನು ಪರೀಕ್ಷೆಗೆಂದು ಓದಿದಾಗ ತಲೆಗೆ ಹೋಗದಿದ್ದ ಸಂಗತಿಗಳು ಈ ನಾಲ್ಕು ಸಾಲಿನ ನೆಪದಲ್ಲಿ ಅರ್ಥವಾದವು. ಅದಕ್ಕೇ ಈ ಟಿಪ್ಪಣಿ.

ನಾನು ಮೊದಲು ಬರೆದದ್ದು ಹೀಗಿತ್ತು:

"ಕಳೆದ ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲದಿಂದ ಜನಸೇವೆಯಲ್ಲಿ ತೊಡಗಿರುವ, ಬಿಪಿ ಮತ್ತು ಸಕ್ಕರೆ ಕಾಯಿಲೆಯ ತಜ್ಞ ಸಲಹೆಗಾರರು. ಸರ್ಕಾರದಿಂದ ಮಾನ್ಯತೆ ಪಡೆದವರು. ನಿಮ್ಮ ಆರೋಗ್ಯವೇ ನಮ್ಮ ಧ್ಯೇಯ."

ಅಕ್ಕ ಇದನ್ನು ಓದಿ ಪೆನ್ನು ತೆಗೆದುಕೊಂಡರು. "ಇದರಲ್ಲಿ ಗಿರಾಕಿ ಪರೀಕ್ಷಿಸಿ ನೋಡಬಹುದಾದ ಮಾತು ಒಂದಾದರೂ ಇದೆಯೇ, ತೋರಿಸಪ್ಪ" ಎಂದರು. ಇರಲಿಲ್ಲ. ಆಗ ಒಂದೊಂದೇ ಮಾತನ್ನು ಹಿಡಿದು ಕೂತೆವು.

ವಿದ್ಯಾರ್ಹತೆ

ಇದು ಸುಲಭದ ಸಾಲು. ನಮ್ಮಲ್ಲಿ ಡಿ.ಫಾರ್ಮ ಎರಡು ವರ್ಷ, ಬಿ.ಫಾರ್ಮ ನಾಲ್ಕು ವರ್ಷ, ಫಾರ್ಮ.ಡಿ ಆರು ವರ್ಷ. ಯಾವುದನ್ನು ಓದಿದವರಾದರೂ ರಾಜ್ಯ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡರೆ ಕಾಯ್ದೆಯ ಕಣ್ಣಿಗೆ ನೋಂದಾಯಿತ ಫಾರ್ಮಸಿಸ್ಟ್. ಆದ್ದರಿಂದ ಡಿ.ಫಾರ್ಮ ಎಂದು ಬರೆಯಲು ಹಿಂಜರಿಯುವ ಕಾರಣವಿಲ್ಲ. ಪದವಿಯ ಹೆಸರು, ಕಾಲೇಜು ಇರುವ ಊರು, ತೇರ್ಗಡೆಯಾದ ವರ್ಷ, ಇಷ್ಟು ಬರೆದರೆ ಸಾಕು. ನಮ್ಮ ಭಾಗದಲ್ಲಿ ಕಾಲೇಜಿನ ಹೆಸರನ್ನೂ ಹೇಳುವುದು ಒಳ್ಳೆಯದು ಎಂದು ನನ್ನ ಅನಿಸಿಕೆ. ಮೈಸೂರಿನ ಜೆಎಸ್ಎಸ್ ಫಾರ್ಮಸಿ ಕಾಲೇಜು 1973ರಿಂದ ಇದೆ. ಮನೆಯ ಹುಡುಗನೋ ಹುಡುಗಿಯೋ ಇಂಥ ಕಾಲೇಜಿನಲ್ಲಿ ಓದಿದ್ದನ್ನು ಬಲ್ಲ ಮಂದಿ ಮೈಸೂರು, ಮಂಡ್ಯದಲ್ಲಿ ಬೇಕಾದಷ್ಟಿದ್ದಾರೆ. ಹೆಸರು ಕಂಡರೆ ವಿಚಾರಿಸಿಕೊಳ್ಳುತ್ತಾರೆ.

ಒಂದು ದಿನದ ಕಾರ್ಯಾಗಾರಗಳ ಪ್ರಮಾಣಪತ್ರಗಳನ್ನು ಪದವಿಯ ಪಕ್ಕ ಪೋಣಿಸಬೇಡಿ. 2015ರ ಫಾರ್ಮಸಿ ವೃತ್ತಿ ನಿಯಮಾವಳಿಯ ಆಶಯವೂ ಅದೇ: ಹೆಸರಿನ ಮುಂದೆ ಮಾನ್ಯತೆ ಇರುವ ಅರ್ಹತೆ ಮಾತ್ರ ಬರಬೇಕು. ಫಾರ್ಮ.ಡಿ ಓದಿದವರು ಹೆಸರಿನ ಹಿಂದೆ "ಡಾ." ಎಂದಷ್ಟೇ ಬರೆದು ನಿಲ್ಲಿಸಿದರೆ ಹಳ್ಳಿಯಿಂದ ಬಂದವರು ವೈದ್ಯರೆಂದೇ ತಿಳಿದು ನಾಡಿ ತೋರಿಸಲು ಕೈ ಚಾಚುತ್ತಾರೆ. "ಫಾರ್ಮ.ಡಿ, ಫಾರ್ಮಸಿಸ್ಟ್" ಎಂಬ ಎರಡು ಪದಗಳೂ ಕಾಣುವಂತೆ ಇರಬೇಕು.

"ತಜ್ಞ ಸಲಹೆಗಾರರು" ಎಂಬುದನ್ನು ಅಕ್ಕ ಅಡ್ಡಗೆರೆ ಹಾಕಿ ಹೊಡೆದರು. ತಜ್ಞರು ಎಂದೊಡನೆ ಗಿರಾಕಿ ರೋಗಕ್ಕೆ ಔಷಧಿ ಕೇಳುತ್ತಾನೆ, ವೈದ್ಯರ ಚೀಟಿ ತರುವುದಿಲ್ಲ. ಮೇಲಾಗಿ, ಮಧುಮೇಹದಂಥ ಕಾಯಿಲೆಗಳನ್ನು ಗುಣಪಡಿಸುವುದಾಗಿ ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ನಿಷೇಧಿಸಿದೆ. ಪರಿಚಯದ ಸಾಲು ಆ ದಿಕ್ಕಿಗೆ ಒಂದು ಹೆಜ್ಜೆಯನ್ನೂ ಇಡಬಾರದು.

ನೋಂದಣಿ

"ಸರ್ಕಾರದಿಂದ ಮಾನ್ಯತೆ" ಎಂದು ಬರೆದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಗೋಡೆಯ ಮೇಲೆ ಚೌಕಟ್ಟಿನಲ್ಲಿದ್ದ ಕಾಗದ. ಯಾವ ಕಾಗದ ಎಂದು ಅಕ್ಕ ಕೇಳಿದರು. ಎದ್ದು ಹೋಗಿ ನೋಡಿದರೆ ಅಲ್ಲಿ ಬೇರೆ ಬೇರೆ ಕಚೇರಿಗಳ ಕಾಗದಗಳಿದ್ದವು. ನಮ್ಮಲ್ಲಿ ಬಹುಮಂದಿ ತಪ್ಪುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮೂನೆ 20 ಮತ್ತು 21ರ ಲೈಸೆನ್ಸ್‌ಗಳು ಅಂಗಡಿಯವು. ಔಷಧಿ ಮತ್ತು ಸೌಂದರ್ಯವರ್ಧಕಗಳ ನಿಯಮಗಳಡಿ, ಆ ವಿಳಾಸದಲ್ಲಿ ಚಿಲ್ಲರೆ ಮಾರಾಟ ಮಾಡಲು ಕೊಟ್ಟವು. ಇನ್ಸುಲಿನ್, ಲಸಿಕೆಗಳಂಥವು ಬರುವುದು 21ರ ಅಡಿ. ನೋಂದಣಿ ಪ್ರಮಾಣಪತ್ರ ಹಾಗಲ್ಲ, ಅದು ವ್ಯಕ್ತಿಯದು. 1948ರ ಫಾರ್ಮಸಿ ಕಾಯ್ದೆಯಡಿ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ ಕೊಡುವಂಥದ್ದು. ವೈದ್ಯರ ಚೀಟಿಯ ಮೇಲೆ ಔಷಧಿ ಕೊಡುವ ಅಧಿಕಾರವನ್ನು ಅದೇ ಕಾಯ್ದೆಯ 42ನೇ ಸೆಕ್ಷನ್ ನೋಂದಾಯಿತ ಫಾರ್ಮಸಿಸ್ಟ್‌ಗೆ ಮೀಸಲಿಟ್ಟಿದೆ. ಅಂಗಡಿಯ ಲೈಸೆನ್ಸ್ ಸಂಖ್ಯೆಯನ್ನು ಫಾರ್ಮಸಿಸ್ಟ್ ಹೆಸರಿನ ಕೆಳಗೆ ಬರೆದರೆ ಓದಿದವರಿಗೆ ಎರಡೂ ಒಂದೇ ಎನಿಸುತ್ತದೆ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಆ ಹೊತ್ತಿಗೆ ಫಾರ್ಮಸಿಸ್ಟ್ ಇಲ್ಲದಿರಬಹುದು ಎಂಬುದು ಮರೆಯಾಗುತ್ತದೆ. ಪರಿಚಯದಲ್ಲಿ ಬರಬೇಕಾದದ್ದು ಕೌನ್ಸಿಲ್‌ನ ಪೂರ್ತಿ ಹೆಸರು ಮತ್ತು ಆ ವ್ಯಕ್ತಿಯ ನೋಂದಣಿ ಸಂಖ್ಯೆ.

ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಮೂರು ಕಡೆ ಒಂದೇ ಹೆಸರು ಇರಬೇಕು: ನೋಂದಣಿ ಪ್ರಮಾಣಪತ್ರದಲ್ಲಿ, ಲೈಸೆನ್ಸ್‌ನಲ್ಲಿ ನಮೂದಾದ ಅರ್ಹ ವ್ಯಕ್ತಿಯ ಜಾಗದಲ್ಲಿ, ಮತ್ತು ಕೌಂಟರಿನಲ್ಲಿ ನಿಂತವರ ಬಿಳಿ ಕೋಟಿನ ಬಿಲ್ಲೆಯಲ್ಲಿ. ಫಾರ್ಮಸಿಸ್ಟ್ ಬದಲಾದರೆ ಒಂದು ತಿಂಗಳೊಳಗೆ ಲೈಸೆನ್ಸ್ ಕೊಟ್ಟ ಅಧಿಕಾರಿಗೆ ತಿಳಿಸಬೇಕೆಂಬ ಷರತ್ತು ಲೈಸೆನ್ಸ್‌ನಲ್ಲೇ ಇದೆ. ಯಾರೋ ಊರಲ್ಲಿಲ್ಲದವರ ಪ್ರಮಾಣಪತ್ರ ಗೋಡೆಯ ಮೇಲಿದ್ದು, ಮಾತ್ರೆ ಕೊಡುವವನು ಇನ್ನೊಬ್ಬನಾಗಿರುವ ಅಂಗಡಿಯನ್ನು ನಾನೂ ನೋಡಿದ್ದೇನೆ. ನನಗೆ ಇದಕ್ಕಿಂತ ನೋವಿನ ಸಂಗತಿ ಈ ವೃತ್ತಿಯಲ್ಲಿ ಇನ್ನೊಂದಿಲ್ಲ. ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಕೀಲುನೋವಿಗೆ ಆ ಮಾತ್ರೆ ಬರೆಸಿಕೊಂಡು ಬಂದ ಅಜ್ಜಿಯೊಬ್ಬರಿಗೆ ಅಕ್ಕ ಪಟ್ಟಿಯ ಹಿಂಬದಿಯಲ್ಲಿ "ಸೋಮವಾರ ಮಾತ್ರ" ಎಂದು ದಪ್ಪಗೆ ಬರೆದರು. ಬಳಿಕ "ಅಮ್ಮ, ಯಾವ ವಾರ ಹೇಳಿ ನೋಡೋಣ" ಎಂದು ಕೇಳಿ, ಅವರ ಬಾಯಿಂದ ಸೋಮವಾರ ಎಂದು ಹೇಳಿಸಿಯೇ ಕವರಿಗೆ ಹಾಕಿದರು.

ಮೊಬೈಲಿಗೆ ಹಾಕುವ ಪರಿಚಯದಲ್ಲಿ ನೋಂದಣಿ ಸಂಖ್ಯೆ ಇರಲಿ, ಪ್ರಮಾಣಪತ್ರದ ಚಿತ್ರ ಬೇಡ ಎಂದು ನನ್ನ ಸಲಹೆ. ಚಿತ್ರವನ್ನು ಯಾರು ಎಲ್ಲಿ ಬಳಸಿಕೊಳ್ಳುತ್ತಾರೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಮೂಲಪತ್ರ ಅಂಗಡಿಯ ಗೋಡೆಯಲ್ಲಿ ಇದೆಯಲ್ಲ.

ಸೇವೆಯ ವರ್ಷಗಳು

ಇಲ್ಲಿ ನಮ್ಮಿಬ್ಬರಿಗೂ ಹೆಚ್ಚು ಹೊತ್ತು ಹಿಡಿಯಿತು. ಅಕ್ಕನ ಲೆಕ್ಕ ಹೀಗಿದೆ. 1998ರಲ್ಲಿ ಸೋದರಮಾವನ ಔಷಧಿ ಅಂಗಡಿಯಲ್ಲಿ ಬಿಲ್ಲು ಬರೆಯಲು ನಿಂತರು. 2001ರಲ್ಲಿ ಡಿ.ಫಾರ್ಮ ತೇರ್ಗಡೆ. ತರಬೇತಿ ಮುಗಿಸಿ 2002ರಲ್ಲಿ ನೋಂದಣಿ. 2008ರವರೆಗೆ ಮೈಸೂರಿನ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ. ಆಮೇಲೆ ಮಗು, ಮನೆ, ಮೂರು ವರ್ಷ ಬಿಡುವು. 2011ರಲ್ಲಿ ಮಂಡ್ಯದ ಈ ಅಂಗಡಿ.

ನಾನು ಬರೆದ "ಇಪ್ಪತ್ತೈದು ವರ್ಷಗಳಿಗೂ ಹೆಚ್ಚು" ಎಂಬುದು 1998ರಿಂದ ಎಣಿಸಿದ್ದು. ಬಿಲ್ಲು ಬರೆದ ವರ್ಷಗಳು ಅಕ್ಕನಿಗೆ ಕಲಿಸಿದ್ದು ಬಹಳ, ಆದರೆ ಆಗ ಅವರು ಫಾರ್ಮಸಿಸ್ಟ್ ಆಗಿರಲಿಲ್ಲ. ಹಾಗಾದರೆ "2002ರಿಂದ ನೋಂದಾಯಿತ ಫಾರ್ಮಸಿಸ್ಟ್" ಎನ್ನೋಣವೇ ಎಂದೆ. ಅದಕ್ಕೂ ಅವರು ಒಪ್ಪಲಿಲ್ಲ. ಬಿಡುವಿನ ಕಾಲದಲ್ಲಿ ನವೀಕರಣ ಶುಲ್ಕ ಕಟ್ಟುವುದು ತಪ್ಪಿಹೋಗಿತ್ತಂತೆ. ಶುಲ್ಕ ಬಾಕಿಯಾದರೆ ರಿಜಿಸ್ಟರಿನಿಂದ ಹೆಸರು ತೆಗೆಯಬೇಕೆಂದು ಕಾಯ್ದೆಯ 34ನೇ ಸೆಕ್ಷನ್ ಹೇಳುತ್ತದೆ, ಅವರ ಹೆಸರೂ ಹೋಗಿತ್ತು. 2011ರಲ್ಲಿ ಬಾಕಿ ಕಟ್ಟಿ ಮತ್ತೆ ಸೇರಿಸಿಕೊಂಡರು. "2002ರಿಂದ" ಎಂದರೆ ನಡುವೆ ಕಡಿಯದೆ ಬಂದ ಅರ್ಥ ಬರುತ್ತದೆ, ಅದು ನಿಜವಲ್ಲ.

ಕೊನೆಗೆ ನೋಂದಣಿಯ ವರ್ಷವನ್ನು, ಆಸ್ಪತ್ರೆಯ ಆರು ವರ್ಷವನ್ನು, ಈ ಅಂಗಡಿ ಶುರುವಾದ ವರ್ಷವನ್ನು ಬೇರೆ ಬೇರೆಯಾಗಿ ಇಟ್ಟೆವು. ಬಿಡುವಿನ ಕಾರಣವನ್ನು ಗೋಡೆಯ ಮೇಲೆ ಬರೆಯಬೇಕಾಗಿಲ್ಲ, ಅದನ್ನು ಮುಚ್ಚುವಂತೆ ಕೂಡಿಸಿ ಬರೆಯದಿದ್ದರಾಯಿತು. ಇನ್ನೊಂದು ಮಾತು: "ಹದಿನಾಲ್ಕು ವರ್ಷಗಳ ಅನುಭವ" ಎಂದು ಬರೆದರೆ ಮುಂದಿನ ವರ್ಷಕ್ಕೇ ಅದು ತಪ್ಪು. "2011ರಿಂದ" ಎಂದು ಬರೆದರೆ ಎಂದಿಗೂ ಸರಿ. ನೆರೆಹೊರೆಯವರಿಗೆ ಆ ವರ್ಷ ನೆನಪಿರುತ್ತದೆ, ಅಂಗಡಿ ತೆರೆದ ದಿನ ಬಂದು ಹೋದವರು ಬೀದಿಯಲ್ಲೇ ಇದ್ದಾರೆ.

ಉಳಿದ ಒಂದು ಸಾಲು

"ನಿಮ್ಮ ಆರೋಗ್ಯವೇ ನಮ್ಮ ಧ್ಯೇಯ" ಎಂಬ ಮಾತು ಹೋದ ಜಾಗಕ್ಕೆ ಅಕ್ಕ ದಿನವೂ ಮಾಡುವ ಕೆಲಸವನ್ನೇ ಹಾಕೋಣ ಎಂದೆ. ಮಾತ್ರೆ ಪಟ್ಟಿಯ ಮೇಲೆ ಹೊತ್ತನ್ನು ಕನ್ನಡದಲ್ಲಿ ಬರೆಯುತ್ತಾರೆ. ಇನ್ಸುಲಿನ್ ಪೆನ್ನು, ಇನ್‌ಹೇಲರ್ ಬಳಸುವ ಬಗೆಯನ್ನು ಎದುರಿಗೇ ಮಾಡಿಸಿ ತೋರಿಸುತ್ತಾರೆ. ಇವೆರಡೂ ಗಿರಾಕಿ ಕಣ್ಣಾರೆ ಕಾಣುವ ಸಂಗತಿಗಳು. ಮಾಡದಿದ್ದ ದಿನ "ಇಲ್ಲಿ ಬರೆದಿದ್ದೀರಲ್ಲ" ಎಂದು ಕೇಳಬಹುದು.

ಕೊನೆಗೆ ನಿಂತ ರೂಪ ಹೀಗಿದೆ. ಹೆಸರು, ಸಂಖ್ಯೆಗಳ ಜಾಗ ಇಲ್ಲಿ ಖಾಲಿ ಬಿಟ್ಟಿದ್ದೇನೆ:

"(ಹೆಸರು), ಡಿ.ಫಾರ್ಮ, 2001, (ಕಾಲೇಜು, ಊರು).
ನೋಂದಾಯಿತ ಫಾರ್ಮಸಿಸ್ಟ್. ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್, ನೋಂದಣಿ ಸಂಖ್ಯೆ (…). ಮೊದಲ ನೋಂದಣಿ 2002. ಪ್ರಮಾಣಪತ್ರ ಪಕ್ಕದ ಗೋಡೆಯಲ್ಲಿದೆ.
ಮೈಸೂರಿನ ಆಸ್ಪತ್ರೆ ಫಾರ್ಮಸಿಯಲ್ಲಿ ಆರು ವರ್ಷ. 2011ರಿಂದ ಮಂಡ್ಯದ ಈ ಅಂಗಡಿಯಲ್ಲಿ.
ಯಾವ ಮಾತ್ರೆ, ಯಾವ ಹೊತ್ತಿಗೆ, ಎಷ್ಟು ದಿನ ಎಂದು ಕನ್ನಡದಲ್ಲಿ ಬರೆದುಕೊಡುತ್ತೇನೆ. ಇನ್ಸುಲಿನ್ ಪೆನ್ನು, ಇನ್‌ಹೇಲರ್ ಬಳಕೆ ಹೇಳಿಕೊಡುತ್ತೇನೆ."

ಇದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಅಂಟಿಸಿದೆವು. ಎರಡನೆಯ ದಿನವೇ ಕೆರಗೋಡು ಕಡೆಯ ರೈತರೊಬ್ಬರು ಅದನ್ನು ಬೆರಳಿಟ್ಟು ಪೂರ್ತಿ ಓದಿದರು. ಓದಿ ಮುಗಿಸಿ, "ಅಲ್ಲವ್ವ, ನೀನು ಊಟಕ್ಕೆ ಹೋದಾಗ ಬಂದರೆ ಯಾರು ಬರೆದುಕೊಡುತ್ತಾರೆ?" ಎಂದು ಕೇಳಿದರು. ನಮಗಿಬ್ಬರಿಗೂ ಹೊಳೆಯದ ಪ್ರಶ್ನೆ ಅದು. ಅಕ್ಕ ಅಂದೇ ಸಂಜೆ ಆ ಹಾಳೆಯನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. ಹೊಸದರಲ್ಲಿ ಐದನೆಯ ಸಾಲು ಇದೆ: "ನಾನು ಅಂಗಡಿಯಲ್ಲಿರುವುದು ಬೆಳಗ್ಗೆ 9ರಿಂದ 1.30, ಸಂಜೆ 4ರಿಂದ 8.30. ಉಳಿದ ಹೊತ್ತಿನಲ್ಲಿ ಚೀಟಿಯ ಔಷಧಿ ಕೊಡುವುದಿಲ್ಲ."