6.7, 3.9, 3.1: ಒಂದೇ ವರ್ಷದ ಮೂರು ಬೆಳವಣಿಗೆ ದರಗಳು

2018ರ ನವೆಂಬರ್ 28ರ ಸಂಜೆ ನೀತಿ ಆಯೋಗದ ಉಪಾಧ್ಯಕ್ಷ ರಾಜೀವ್ ಕುಮಾರ್ ಮತ್ತು ಮುಖ್ಯ ಅಂಕಿಅಂಶ ತಜ್ಞ ಪ್ರವೀಣ್ ಶ್ರೀವಾಸ್ತವ ದೆಹಲಿಯಲ್ಲಿ ಪತ್ರಿಕಾಗೋಷ್ಠಿ ನಡೆಸಿ, ದೇಶದ ಜಿಡಿಪಿಯ ಹಳೆಯ ಅಂಕಿಗಳನ್ನು ಹೊಸ ವಿಧಾನದಲ್ಲಿ ಪರಿಷ್ಕರಿಸಿ ಪ್ರಕಟಿಸಿದರು. ಆಗ ನಾನು ಒಂದು ಪತ್ರಿಕೆಯ ವಾಣಿಜ್ಯ ವಿಭಾಗದಲ್ಲಿದ್ದೆ. ರಾತ್ರಿ ಎಂಟರ ಹೊತ್ತಿಗೆ ನನ್ನ ಮೇಜಿಗೆ ಬಂದ ವರದಿಯ ಮೊದಲ ಸಾಲು ಹೀಗಿತ್ತು: ‘2008–09ರ ಆರ್ಥಿಕ ಬೆಳವಣಿಗೆ ದರ ಶೇ 6.7ರಿಂದ ಶೇ 3.1ಕ್ಕೆ ಕುಸಿದಿದೆ.’

ಎರಡೂ ಅಂಕಿಗಳು ಸರಿಯಾಗಿದ್ದವು. 6.7 ನಮ್ಮದೇ ಹಳೆಯ ಸಂಚಿಕೆಯಿಂದ ತೆಗೆದದ್ದು, 3.1 ಅಂದಿನ ಸರ್ಕಾರಿ ಪ್ರಕಟಣೆಯದು. ಆದರೂ ವಾಕ್ಯ ತಪ್ಪು. ಆ ರಾತ್ರಿ ಪುಟ ಮುಗಿಸಿದ ಮೇಲೆ ಸಹೋದ್ಯೋಗಿಗಳಿಗೆ ಒಂದು ಟಿಪ್ಪಣಿ ಬರೆದು ಕಳುಹಿಸಿದೆ. ಅದರಲ್ಲಿ ಹಿಡಿಸಲಾಗದ ಹಿನ್ನೆಲೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು 2015ರ ಜನವರಿ 30ರಂದು. ಅಲ್ಲಿಯವರೆಗೆ ಜಿಡಿಪಿ ಲೆಕ್ಕಕ್ಕೆ 2004–05 ಮೂಲ ವರ್ಷವಾಗಿತ್ತು, ಅಂದರೆ ಆ ವರ್ಷದ ಬೆಲೆಗಳನ್ನು ಆಧಾರವಾಗಿಟ್ಟು ಬೆಳವಣಿಗೆಯನ್ನು ಅಳೆಯುತ್ತಿದ್ದರು. ಕೇಂದ್ರೀಯ ಅಂಕಿಅಂಶ ಕಚೇರಿ ಅದನ್ನು 2011–12ಕ್ಕೆ ಬದಲಿಸಿತು. ಮೂಲ ವರ್ಷ ಆಗಾಗ ಬದಲಾಗುತ್ತಲೇ ಇರುತ್ತದೆ, ಅದರಲ್ಲಿ ವಿಶೇಷವಿಲ್ಲ. ಈ ಸಲ ಜೊತೆಯಲ್ಲಿ ಇನ್ನೆರಡು ಬದಲಾವಣೆಗಳಾದವು. ಒಂದು, ಖಾಸಗಿ ಕಂಪನಿಗಳ ಉತ್ಪಾದನೆಯನ್ನು ಅಳೆಯಲು ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಕೆಯಾಗುವ ಲೆಕ್ಕಪತ್ರಗಳನ್ನು, ಅಂದರೆ ಎಂಸಿಎ-21 ದತ್ತಾಂಶವನ್ನು, ದೊಡ್ಡ ಪ್ರಮಾಣದಲ್ಲಿ ಬಳಸತೊಡಗಿದರು. ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು: ‘ಜಿಡಿಪಿ ಬೆಳವಣಿಗೆ’ ಎಂದು ಪತ್ರಿಕೆಗಳು ತಲೆಬರಹದಲ್ಲಿ ಹಾಕುವ ಅಂಕಿಯ ಅರ್ಥವೇ ಬೇರೆಯಾಯಿತು.

ಅದಕ್ಕೂ ಮೊದಲು ನಾವು ಅಚ್ಚು ಹಾಕುತ್ತಿದ್ದದ್ದು ಉತ್ಪಾದನಾಂಗಗಳ ವೆಚ್ಚದಲ್ಲಿ ಅಳೆದ ಜಿಡಿಪಿ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದಲ್ಲಿ ಒಂದು ರೂಪಾಯಿ ಅಬಕಾರಿ ಸುಂಕ ಎಂದುಕೊಳ್ಳೋಣ. ಕೂಲಿ, ಬಾಡಿಗೆ, ಬಡ್ಡಿ, ಲಾಭ ಎಂದು ತಯಾರಿಸಿದವರ ಕಡೆ ಹಂಚಿಹೋಗುವುದು ಒಂಬತ್ತು ರೂಪಾಯಿ. ಹಳೆಯ ತಲೆಬರಹದ ಲೆಕ್ಕಕ್ಕೆ ಸೇರುತ್ತಿದ್ದದ್ದು ಈ ಒಂಬತ್ತು. 2015ರಿಂದ ತಲೆಬರಹಕ್ಕೆ ಬಂದದ್ದು ಮಾರುಕಟ್ಟೆ ಬೆಲೆಯ ಜಿಡಿಪಿ, ಅಂದರೆ ಗಿರಾಕಿ ಕೊಡುವ ಹತ್ತು. ಸಬ್ಸಿಡಿ ಇರುವ ಸರಕಿನಲ್ಲಿ ಇದು ತಿರುವುಮುರುವಾಗುತ್ತದೆ: ಗಿರಾಕಿ ಕೊಡುವುದು ಕಡಿಮೆ, ತಯಾರಕನ ಕೈಗೆ ಸೇರುವುದು ಹೆಚ್ಚು. ಹಾಗಾಗಿ ಉತ್ಪಾದನಾಂಗಗಳ ವೆಚ್ಚಕ್ಕೆ ಪರೋಕ್ಷ ತೆರಿಗೆ ಕೂಡಿಸಿ, ಸಬ್ಸಿಡಿ ಕಳೆದರೆ ಮಾರುಕಟ್ಟೆ ಬೆಲೆಯ ಜಿಡಿಪಿ ಸಿಗುತ್ತದೆ. ಜಗತ್ತಿನ ಹೆಚ್ಚಿನ ದೇಶಗಳು ಹೇಳುವುದೂ ಇದನ್ನೇ.

ತೆರಿಗೆ ಮತ್ತು ಸಬ್ಸಿಡಿ ಒಂದೇ ಹದದಲ್ಲಿ ಸಾಗುತ್ತಿದ್ದರೆ ಎರಡು ದರಗಳ ನಡುವೆ ಹೇಳಿಕೊಳ್ಳುವಂಥ ಅಂತರ ಇರುವುದಿಲ್ಲ. 2008–09 ಅಂಥ ವರ್ಷವಲ್ಲ. ಜಾಗತಿಕ ಬಿಕ್ಕಟ್ಟು ಬಂದಾಗ ಸರ್ಕಾರ 2008ರ ಡಿಸೆಂಬರ್‌ನಲ್ಲಿ ಅಬಕಾರಿ ಸುಂಕವನ್ನು ನಾಲ್ಕು ಶೇಕಡಾ ಅಂಶಗಳಷ್ಟು ಇಳಿಸಿತು. 2009ರ ಫೆಬ್ರುವರಿಯಲ್ಲಿ ಮತ್ತೆ ಎರಡು ಅಂಶ ಇಳಿಸಿತು, ಸೇವಾ ತೆರಿಗೆಯನ್ನೂ ತಗ್ಗಿಸಿತು. ಅದೇ ವರ್ಷ ಇಂಧನ, ಗೊಬ್ಬರದ ಸಬ್ಸಿಡಿ ಹೊರೆ ಉಬ್ಬಿತ್ತು. ಕೂಡಿಸುವುದು ಇಳಿಯಿತು, ಕಳೆಯುವುದು ಏರಿತು. ಹೀಗಾಗಿ 2004–05 ಮೂಲ ವರ್ಷದ ಹಳೆಯ ಸರಣಿಯೊಳಗೇ ಆ ವರ್ಷಕ್ಕೆ ಎರಡು ದರಗಳಿದ್ದವು: ಉತ್ಪಾದನಾಂಗಗಳ ವೆಚ್ಚದಲ್ಲಿ ಶೇ 6.7, ಮಾರುಕಟ್ಟೆ ಬೆಲೆಯಲ್ಲಿ ಶೇ 3.9. ಎರಡನೆಯದನ್ನು ಆಗ ಯಾರೂ ತಲೆಬರಹಕ್ಕೆ ತೆಗೆದುಕೊಂಡಿರಲಿಲ್ಲ, ನಾವೂ ಸೇರಿದಂತೆ.

ಈಗ ಆ ರಾತ್ರಿಯ ವಾಕ್ಯವನ್ನು ಬಿಡಿಸಿ ನೋಡಬಹುದು. 6.7ರಿಂದ 3.1ಕ್ಕೆ ಇರುವ ಅಂತರ 3.6 ಅಂಶ. ಅದರಲ್ಲಿ 6.7ರಿಂದ 3.9ರವರೆಗಿನ 2.8 ಅಂಶ ಪರಿಷ್ಕರಣೆಯೇ ಅಲ್ಲ, ಅದು ಅಳತೆಗೋಲಿನ ಬದಲಾವಣೆ. ನಿಜವಾಗಿ ಪರಿಷ್ಕರಿಸಿದ್ದು 3.9ರಿಂದ 3.1ಕ್ಕೆ, 0.8 ಅಂಶ ಮಾತ್ರ. ಅಂಕಿಗಳನ್ನು ಅರ್ಧಕ್ಕಿಳಿಸಿದರು ಎಂದು ಬರೆದಿದ್ದರೆ, ಅಂಕಿಅಂಶ ಕಚೇರಿ ಮಾಡದ ಕೆಲಸವನ್ನು ಅದರ ತಲೆಗೆ ಕಟ್ಟಿದಂತಾಗುತ್ತಿತ್ತು.

ಇದೇ ಎಡವಟ್ಟು 2010–11ರಲ್ಲಿ ಎದುರು ದಿಕ್ಕಿಗೆ ಎಳೆಯುತ್ತದೆ. ಹಳೆಯ ಸರಣಿಯಲ್ಲಿ ಆ ವರ್ಷದ ದರ ಉತ್ಪಾದನಾಂಗಗಳ ವೆಚ್ಚದಲ್ಲಿ ಶೇ 8.9, ಇಳಿಸಿದ್ದ ಸುಂಕವನ್ನು ಭಾಗಶಃ ಮರಳಿ ಏರಿಸಿದ್ದರಿಂದ ಮಾರುಕಟ್ಟೆ ಬೆಲೆಯಲ್ಲಿ ಶೇ 10.3. ಪರಿಷ್ಕೃತ ದರ ಶೇ 8.5. ಹಳೆಯ ತಲೆಬರಹದ ಪಕ್ಕದಲ್ಲಿಟ್ಟರೆ 0.4 ಅಂಶದ ಸಣ್ಣ ಇಳಿಕೆ. ಸರಿಯಾದ ಜೋಡಿಯನ್ನು ಪಕ್ಕಪಕ್ಕ ಇಟ್ಟರೆ 1.8 ಅಂಶದ ದೊಡ್ಡ ಇಳಿಕೆ. ಒಂದು ವರ್ಷ ಬೆಟ್ಟವಾಗಿ ಕಾಣುತ್ತದೆ, ಇನ್ನೊಂದು ವರ್ಷ ಬೆಟ್ಟವೇ ಮರೆಯಾಗುತ್ತದೆ.

ಹಾಗಾದರೆ ಆ 1.8 ಎಲ್ಲಿಂದ ಬಂತು? ಇದು ರಾಜಕೀಯ ಜಗಳದ ಜಾಗ. ಆ ಪತ್ರಿಕಾಗೋಷ್ಠಿಗೆ ಕೆಲವೇ ತಿಂಗಳ ಹಿಂದೆ, 2018ರ ಆಗಸ್ಟ್‌ನಲ್ಲಿ, ಅರ್ಥಶಾಸ್ತ್ರಜ್ಞ ಸುದೀಪ್ತೊ ಮಂಡ್ಲೆ ನೇತೃತ್ವದ ಸಮಿತಿಯ ವರದಿ ಬೇರೊಂದು ವಿಧಾನದಲ್ಲಿ ಹಿಂದಿನ ವರ್ಷಗಳನ್ನು ಲೆಕ್ಕ ಹಾಕಿ ಆ ದಶಕಕ್ಕೆ ಎತ್ತರದ ದರಗಳನ್ನೇ ತೋರಿಸಿತ್ತು. ಅವು ಅಧಿಕೃತವಲ್ಲ ಎಂದು ಸರ್ಕಾರ ಹೇಳಿತು. ಮೂಲ ತೊಡಕು ಏನೆಂದರೆ, ಹೊಸ ವಿಧಾನದ ಬೆನ್ನೆಲುಬಾದ ಎಂಸಿಎ-21 ದತ್ತಾಂಶ 2011–12ಕ್ಕಿಂತ ಹಿಂದಿನ ವರ್ಷಗಳಿಗೆ ಬಳಸುವಷ್ಟು ಗಟ್ಟಿಯಾಗಿರಲಿಲ್ಲ. ಹಿಂದಿನದನ್ನು ಹೊಸ ಗೋಲಿನಲ್ಲಿ ಅಳೆಯಲು ಗೋಲೇ ಇಲ್ಲದಾಗ ಬದಲಿ ಸೂಚಕಗಳನ್ನು ಹುಡುಕಬೇಕು. ಯಾವುದನ್ನು ಆರಿಸುತ್ತೀರಿ ಎಂಬುದರ ಮೇಲೆ ಫಲ ನಿಂತಿದೆ.

ದೂರಸಂಪರ್ಕ ಕ್ಷೇತ್ರವನ್ನೇ ನೋಡಿ. ಹಳೆಯ ಸರಣಿಯಲ್ಲಿ ಖಾಸಗಿ ಮೊಬೈಲ್ ಕಂಪನಿಗಳ ಬೆಳವಣಿಗೆಯನ್ನು ಚಂದಾದಾರರ ಸಂಖ್ಯೆಯಿಂದ ಅಂದಾಜಿಸುತ್ತಿದ್ದರು. ಪರಿಷ್ಕೃತ ಲೆಕ್ಕದಲ್ಲಿ ಬಳಸಿದ್ದು ಮಾತನಾಡಿದ ನಿಮಿಷಗಳನ್ನು. ಜನ ಎರಡೆರಡು ಸಿಮ್ ಇಟ್ಟುಕೊಳ್ಳತೊಡಗಿದ್ದ ಕಾಲವದು. ಊಹೆಗೆ ಒಂದು ಲೆಕ್ಕ ಹಾಕೋಣ: ಮೊದಲ ವರ್ಷ 100 ಚಂದಾದಾರರು, ತಲಾ 400 ನಿಮಿಷ, ಒಟ್ಟು 40,000. ಮರುವರ್ಷ 140 ಚಂದಾದಾರರು. ಆದರೆ ಹೊಸಬರು, ಎರಡನೆಯ ಸಿಮ್‌ನವರು ಕಡಿಮೆ ಮಾತನಾಡುವುದರಿಂದ ಸರಾಸರಿ 320ಕ್ಕೆ ಇಳಿದು ಒಟ್ಟು 44,800 ನಿಮಿಷ. ಚಂದಾದಾರರನ್ನು ಎಣಿಸಿದರೆ ಬೆಳವಣಿಗೆ ಶೇ 40, ನಿಮಿಷಗಳನ್ನು ಎಣಿಸಿದರೆ ಶೇ 12. ಯಾವುದೂ ಸುಳ್ಳಲ್ಲ. ನಿಮಿಷಗಳ ಲೆಕ್ಕ ಸೇವೆಯ ಪ್ರಮಾಣಕ್ಕೆ ಹತ್ತಿರ ಎಂಬುದು ನನ್ನ ಅಭಿಪ್ರಾಯ. ಆದರೆ ಒಂದು ಸೂಚಕ ಒಪ್ಪಿಗೆಯಾದ ಮಾತ್ರಕ್ಕೆ ಇಡೀ ಸರಣಿಯನ್ನು ಕಣ್ಣುಮುಚ್ಚಿ ಒಪ್ಪಬೇಕೆಂದಿಲ್ಲ.

ಅಳತೆಗೋಲು ಬದಲಾದಾಗಲೆಲ್ಲ ಅಂತರವನ್ನು ಅದರ ಮೇಲೇ ಹೊರಿಸುವುದೂ ತಪ್ಪು. 2015ರಲ್ಲಿ 2013–14ರ ದರ ಶೇ 4.7ರಿಂದ ಶೇ 6.9ಕ್ಕೆ ಜಿಗಿದಾಗ ಎಲ್ಲರೂ ಬೆಚ್ಚಿದರು. ಅಲ್ಲಿಯೂ ಗೋಲು ಬದಲಾಗಿತ್ತು. ಆದರೆ ಉತ್ಪನ್ನಗಳ ಮೇಲಿನ ತೆರಿಗೆಯನ್ನು ಬದಿಗಿಟ್ಟು ನೋಡಿದರೂ ಹೊಸ ಸರಣಿ ಶೇ 6.6 ಎನ್ನುತ್ತಿತ್ತು. ಅಂದರೆ ಆ ಜಿಗಿತದ ಬಹುಪಾಲು ಹೊಸ ದತ್ತಾಂಶ ಮತ್ತು ವಿಧಾನದ್ದು. ವಿಚಿತ್ರವೆಂದರೆ ಆ ವರ್ಷದ ಜಿಡಿಪಿಯ ಗಾತ್ರ ಅಲುಗಲೇ ಇಲ್ಲ. ಹಳೆಯ ಲೆಕ್ಕದಲ್ಲೂ ಹೊಸ ಲೆಕ್ಕದಲ್ಲೂ ಅಂದಿನ ಬೆಲೆಗಳಲ್ಲಿ ಸುಮಾರು 113 ಲಕ್ಷ ಕೋಟಿ ರೂಪಾಯಿಯೇ.

ಟಿಪ್ಪಣಿಯಲ್ಲಿ ನಾನು ಕೇಳಿಕೊಂಡದ್ದು ಇಷ್ಟೇ: ಪರಿಷ್ಕೃತ ದರದ ಪಕ್ಕದಲ್ಲಿ ಹಳೆಯ ದರ ಬರೆಯುವುದಾದರೆ ಅದನ್ನು ನಮ್ಮ ಹಳೆಯ ಸಂಚಿಕೆಯಿಂದ ಎತ್ತಬೇಡಿ, ಅದೇ ಅಳತೆಯ ಹಳೆಯ ಸರಣಿಯಿಂದ ತೆಗೆಯಿರಿ. ನಕ್ಷೆ ಬರೆಯುವಾಗ ಎರಡು ಸರಣಿಗಳನ್ನು ಒಂದೇ ಗೆರೆಯಲ್ಲಿ ಹೊಲಿಯಬೇಡಿ, ಸರಣಿ ಬದಲಾದಲ್ಲಿ ಗೆರೆ ಕಡಿಯಿರಿ.

ಮರುದಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಹುಡುಗಿ ಬಂದು ಕೇಳಿದಳು: “ಸರ್, ನಮ್ಮ ಹಳೆಯ ಪುಟಗಳಲ್ಲಿರುವ 6.7 ಅನ್ನು ತಿದ್ದಬೇಕೇ?” ತಿದ್ದುವಂತಿಲ್ಲ ಎಂದೆ, ಆ ದಿನದ ಅಳತೆಗೆ ಅದು ಸರಿಯೇ ಇತ್ತು. ಅವಳು ಆ ಕಡತದ ತಲೆಯಲ್ಲಿ ಪೆನ್ಸಿಲಿನಿಂದ ‘2004–05 ಸರಣಿ, ಉತ್ಪಾದನಾಂಗಗಳ ವೆಚ್ಚದಲ್ಲಿ’ ಎಂದು ಬರೆದು ಕಪಾಟಿಗೆ ಸೇರಿಸಿದಳು.