ಜಿಎಸ್‌ಟಿ ನಂಬರಿನ ಆರನೇ ಅಕ್ಷರ

ಇಳಕಲ್ಲಿನ ಸೀರೆ ಅಂಗಡಿಯ ಯಜಮಾನರೊಬ್ಬರು ಹೋದ ಜುಲೈನಲ್ಲಿ ಮಗನನ್ನು ಕರೆದುಕೊಂಡು ಬಾಗಲಕೋಟೆಯ ನನ್ನ ಆಫೀಸಿಗೆ ಬಂದಿದ್ದರು. ಒಂದು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಇಬ್ಬರೂ ಸೇರಿ ಪಾರ್ಟ್ನರ್‌ಶಿಪ್ ಡೀಡ್ ಮಾಡಿಕೊಂಡಿದ್ದರು. ಬೋರ್ಡು, ಬಿಲ್‌ಬುಕ್ಕು ಎಲ್ಲ ಹೊಸದು. ಬಿಲ್ಲಿನ ಮೇಲಿನ ಜಿಎಸ್‌ಟಿ ನಂಬರ್ ಮಾತ್ರ ಹೀಗೆ ಶುರುವಾಗುತ್ತಿತ್ತು: 29XXXPH (X ಇರುವಲ್ಲಿ ಅವರ ಅಕ್ಷರಗಳು).

"ಇದು ನಿಮ್ಮ ಸ್ವಂತದ ನಂಬರ್ ಅಲ್ಲೇನ್ರಿ?" ಅಂದೆ.

"ಅಂಗಡಿ ಅದೇ, ಊರು ಅದೇ. ನಂಬರ್ ಯಾಕ ಬದಲಾಗಬೇಕ್ರಿ ಸಾಹೇಬ್ರ?"

ಉತ್ತರ ಆ P ಅಕ್ಷರದಲ್ಲಿತ್ತು. ಅದು ಬಂದಿದ್ದು ಯಜಮಾನರ ಪ್ಯಾನಿನಿಂದ. ಪ್ಯಾನ್ ಅಂದರೆ ಪರ್ಮನೆಂಟ್ ಅಕೌಂಟ್ ನಂಬರ್, ಹತ್ತು ಅಕ್ಷರದ್ದು. ಮೊದಲ ಮೂರು ಬರೀ ಸರಣಿಯವು. ನಾಲ್ಕನೆಯದು ಅದು ಯಾರದೆಂದು ಹೇಳುತ್ತದೆ: P ಅಂದರೆ ವ್ಯಕ್ತಿ, F ಅಂದರೆ ಪಾರ್ಟ್ನರ್‌ಶಿಪ್, H ಅವಿಭಕ್ತ ಹಿಂದೂ ಕುಟುಂಬ, C ಕಂಪನಿ, T ಟ್ರಸ್ಟು. ಐದನೆಯದು, ವ್ಯಕ್ತಿಯಾದರೆ, ಅಡ್ಡಹೆಸರಿನ ಮೊದಲಕ್ಷರ. ಇಲ್ಲಿ H ಅದೇ, ಅವಿಭಕ್ತ ಕುಟುಂಬದ H ಅಲ್ಲ. ಇವೆರಡನ್ನೂ ಕೂಡಿಸಿ ಗೊಂದಲ ಮಾಡಿಕೊಳ್ಳುವವರು ಬಹಳ.

ಜಿಎಸ್‌ಟಿ, ಅಂದರೆ ಗೂಡ್ಸ್ ಅಂಡ್ ಸರ್ವಿಸಸ್ ಟ್ಯಾಕ್ಸ್. ಅದರ ಹದಿನೈದು ಅಕ್ಷರದ ನಂಬರಿನೊಳಗೆ ಪ್ಯಾನ್ ಹಾಗೇ ಕೂತಿರುತ್ತದೆ. ಮುಂದೆ 29, ನಮ್ಮ ರಾಜ್ಯದ್ದು. ಮಹಾರಾಷ್ಟ್ರದ ಇಚಲಕರಂಜಿಯಿಂದ ಬಂದ ಬಿಲ್ಲಿನ ಮೇಲೆ 27 ಇರುತ್ತದೆ. ಹೀಗಾಗಿ ಪ್ಯಾನಿನ ನಾಲ್ಕನೇ ಅಕ್ಷರ ಜಿಎಸ್‌ಟಿ ನಂಬರಿನಲ್ಲಿ ಆರನೆಯದು. ಪಾರ್ಟ್ನರ್‌ಶಿಪ್ ಸಂಸ್ಥೆಯ ಬಿಲ್ಲಿನಲ್ಲಿ ಅಲ್ಲಿ F ಇರಬೇಕಿತ್ತು.

ಕಾನೂನಿನ ಕಣ್ಣಿಗೆ ಅಪ್ಪ ಬೇರೆ, ಸಂಸ್ಥೆ ಬೇರೆ. ಅಪ್ಪನ ಎಐಎಸ್, ಅಂದರೆ ಆದಾಯ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ, ತೆಗೆದು ನೋಡಿದರೆ ವರ್ಷದ 46 ಲಕ್ಷದ ಮಾರಾಟ ಪೂರಾ ಅವರ ಪ್ಯಾನಿನ ಮೇಲೆ ಕೂತಿತ್ತು. ಬ್ಯಾಂಕಿನಲ್ಲಿ ದುಡ್ಡು ಬಿದ್ದಿದ್ದು ಸಂಸ್ಥೆಯ ಖಾತೆಗೆ. ಒಂದೇ ಮಾರಾಟವನ್ನು ಇಬ್ಬರ ರಿಟರ್ನಿನಲ್ಲೂ ಹುಡುಕುವ ನೋಟಿಸ್ ಬರಲು ಇಷ್ಟು ಸಾಕು.

ಹಳೇ ನಂಬರಿನಲ್ಲಿ ಪ್ಯಾನ್ ತಿದ್ದಲು ಬರುವುದಿಲ್ಲ. ಸಂಸ್ಥೆಗೆ ಹೊಸ ಪ್ಯಾನ್ ತೆಗೆದು, ಅದರ ಮೇಲೆ ಹೊಸ ಜಿಎಸ್‌ಟಿ ನೋಂದಣಿಯ ಅರ್ಜಿ REG-01 ಹಾಕಬೇಕು. ಡೀಡ್ ಆದ 30 ದಿನದೊಳಗೆ ಹಾಕಿದ್ದರೆ ನೋಂದಣಿ ಆ ದಿನದಿಂದಲೇ ಲೆಕ್ಕಕ್ಕೆ ಬರುತ್ತಿತ್ತು. ಈಗ ಮಂಜೂರಾದ ದಿನದಿಂದ. ಹಳೇ ಖಾತೆಯಲ್ಲಿ ಉಳಿದ ಇನ್‌ಪುಟ್ ಕ್ರೆಡಿಟ್ಟನ್ನು, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯ ಜಮೆಯನ್ನು, ITC-02 ಫಾರ್ಮಿನ ಮೂಲಕ, ಸಿಎ ಸರ್ಟಿಫಿಕೇಟ್ ಇಟ್ಟು, ಹೊಸ ನಂಬರಿಗೆ ದಾಟಿಸಿದೆವು. ಅದು ದಾಟಿದ ಮೇಲೇ ಹಳೇದನ್ನು ರದ್ದು ಮಾಡಿಸಿದ್ದು. ಮೊದಲೇ ರದ್ದು ಮಾಡಿಸಿ ಕ್ರೆಡಿಟ್ ಕಳಕೊಂಡವರನ್ನು ನೋಡಿದ್ದೇನೆ.

ಏಳುವಾಗ ಮಗ ಕೇಳಿದ: "ಟ್ಯಾನ್ ಅಂತಾರಲ್ರಿ, ಅದೂ ಇದರಾಗ ಇರ್ತದೇನ್ರಿ?"

ಇರುವುದಿಲ್ಲ. ಅದು ಟ್ಯಾಕ್ಸ್ ಡಿಡಕ್ಷನ್ ಅಂಡ್ ಕಲೆಕ್ಷನ್ ಅಕೌಂಟ್ ನಂಬರ್. ಬೇರೆಯವರ ತೆರಿಗೆ ಹಿಡಿದು ಕಟ್ಟುವವರದು. ಮೊದಲ ಮೂರು ಅಕ್ಷರ ಪ್ರದೇಶದ್ದು, ನಾಲ್ಕನೆಯದು ಹಿಡಿಯುವವರ ಹೆಸರಿನದು. ಅಲ್ಲಿ P ಕಂಡರೆ ವ್ಯಕ್ತಿ ಅಂತಲ್ಲ, ಪಾಟೀಲ ಟೆಕ್ಸ್‌ಟೈಲ್ಸ್ ಅಂತಲೂ ಇರಬಹುದು.