ಪ್ರಶಸ್ತಿ ಕೊಟ್ಟವರನ್ನೇ ಕೇಳಿ

‘ಪ್ರಶಸ್ತಿಯ ವಿಷಯ ನೀವು ನೋಡಬೇಕಾಗಿಲ್ಲ, ನಾವೇ ಖಚಿತಪಡಿಸಿಕೊಂಡಿದ್ದೇವೆ’ ಎಂದು ಗ್ರಾಹಕರು ಕಡತ ಕೊಟ್ಟಾಗಲೆಲ್ಲ ನಾನು ಮೊದಲು ನೋಡುವುದು ಅದನ್ನೇ. ಗುತ್ತಿಗೆಗೆ ಸಹಿ ಬೀಳುವ ಮುನ್ನ ಕಂಪನಿಗಳ ಹಿನ್ನೆಲೆ ಪರಿಶೀಲಿಸುವುದು ನನ್ನ ಕೆಲಸ. ಕಡತದಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡು ಸುದ್ದಿ ತುಣುಕುಗಳಿರುತ್ತವೆ. ಪಕ್ಕಪಕ್ಕದಲ್ಲಿಟ್ಟು ಓದಿದರೆ ಎಲ್ಲದರಲ್ಲೂ ಅದೇ ಮೊದಲ ವಾಕ್ಯ, ನಿರ್ದೇಶಕರ ಅದೇ ಹೇಳಿಕೆ, ಕೆಲವೊಮ್ಮೆ ಅದೇ ಅಕ್ಷರದೋಷ. ಕಂಪನಿ ಹಂಚಿದ ಒಂದು ಪತ್ರಿಕಾ ಪ್ರಕಟಣೆ ಹನ್ನೆರಡು ಕಡೆ ಅಚ್ಚಾಗಿದೆ, ಅಷ್ಟೆ. ಅವು ಹನ್ನೆರಡು ಸಾಕ್ಷಿಗಳಲ್ಲ. ಒಂದೇ ಸಾಕ್ಷಿ, ಅದೂ ಕಂಪನಿಯ ಮಾತೇ. ಬುದ್ಧಿವಂತರು, ಲೆಕ್ಕಪತ್ರದಲ್ಲಿ ಒಂದು ಅಂಕಿ ತಪ್ಪಿದರೂ ಹಿಡಿಯುವವರು, ಇಲ್ಲಿ ಮಾತ್ರ ಎಡವುತ್ತಲೇ ಇರುತ್ತಾರೆ.

ಇತ್ತೀಚಿನ ಒಂದು ಪ್ರಕರಣ ಹೇಳುತ್ತೇನೆ. ಗೋದಾಮು ನಿರ್ವಹಣೆಯ ತಂತ್ರಾಂಶ ಮಾರುವ ಕಂಪನಿಯ ಕೈಪಿಡಿಯಲ್ಲಿ ‘2021ರ ಅತ್ಯುತ್ತಮ ಗ್ರಾಹಕ ಸೇವಾ ಪ್ರಶಸ್ತಿ’ ಎಂದಿತ್ತು. ಕೊಟ್ಟವರು ಯಾರು, ಯಾವ ವರ್ಷ, ಯಾವ ವಿಭಾಗ, ಯಾವ ನೋಂದಾಯಿತ ಹೆಸರಿಗೆ ಎಂಬ ನಾಲ್ಕನ್ನು ನಾನು ಮೊದಲು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಕೈಪಿಡಿಯಲ್ಲಿ ಸಿಕ್ಕಿದ್ದು ಮೊದಲ ಎರಡೇ. ಪ್ರಮಾಣಪತ್ರದ ಮೇಲಿನ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆದುಕೊಂಡದ್ದು ಕಂಪನಿಯದೇ ಜಾಲತಾಣ. ಆದ್ದರಿಂದ ಕಂಪನಿ ಕೊಟ್ಟ ಕೊಂಡಿಯನ್ನು ಬಿಟ್ಟು, ಪ್ರಶಸ್ತಿ ಸಂಸ್ಥೆಯ ವಿಳಾಸವನ್ನು ಬೇರೆಯಾಗಿಯೇ ಹುಡುಕಿ, ಅದರೊಳಗೆ ಮಾತ್ರ ಕಂಪನಿಯ ಹೆಸರನ್ನು ಶೋಧಿಸಿದೆ:

```
site:example.org "Company Name"
```

ಏನೂ ಸಿಗಲಿಲ್ಲ. ಆ ತಾಣದಲ್ಲಿ ಕಳೆದ ಎರಡು ವರ್ಷಗಳ ಪಟ್ಟಿ ಮಾತ್ರ ಇತ್ತು. ಇಂಥ ಕಡೆ ಕೈಬಿಡಬಾರದು. ಜಾಲಪುಟಗಳ ಹಳೆಯ ಪ್ರತಿಗಳನ್ನು ಉಳಿಸಿಡುವ web.archive.org ನಲ್ಲಿ ಅದೇ ಪುಟದ 2022ರ ಆರಂಭದ ಪ್ರತಿ ಇತ್ತು. ಸಣ್ಣ ಉದ್ದಿಮೆಗಳ ವಿಭಾಗದಲ್ಲಿ ಅಂತಿಮ ಸುತ್ತಿಗೆ ಬಂದ ಆರು ಹೆಸರುಗಳಲ್ಲಿ ಇವರದ್ದೂ ಒಂದು, ಗೆದ್ದವರು ಬೇರೆ. ಅಲ್ಲಿದ್ದ ಹೆಸರೂ ನಮ್ಮ ಗ್ರಾಹಕರು ಗುತ್ತಿಗೆ ಕೊಡಲು ಹೊರಟ ಕಂಪನಿಯದಲ್ಲ, ಅದೇ ಗುಂಪಿನ ಇನ್ನೊಂದು ಕಂಪನಿಯದು. ಸಂಸ್ಥೆಗೆ ಪತ್ರ ಬರೆದೆ. ನಾಲ್ಕು ದಿನಗಳಲ್ಲಿ ಅವರೂ ಅದನ್ನೇ ಖಚಿತಪಡಿಸಿದರು.

ಆ ಕಂಪನಿಯವರು ಮೋಸಗಾರರೆಂದು ನಾನು ಹೇಳಲಾರೆ. ಮಾರಾಟ ವಿಭಾಗದ ಹುಡುಗನೊಬ್ಬ ‘ಅಂತಿಮ ಸುತ್ತು’ ಎಂಬ ಪದವನ್ನು ಜಾಗ ಸಾಲದೆ ತೆಗೆದಿದ್ದ. ತಿಳಿಸಿದ ಕೂಡಲೇ ನಾಚಿಕೊಂಡು ತಿದ್ದಿದರು. ನಾನು ನೋಡಿದ ಮಟ್ಟಿಗೆ, ಪೂರ್ತಿ ಕಟ್ಟುಕಥೆಗಿಂತ ಹೀಗೆ ಒಂದು ಪದ ಉದುರಿದ ಪ್ರಶಸ್ತಿಗಳೇ ಹೆಚ್ಚು. ಪ್ರಮಾಣಪತ್ರ ಅಸಲಿಯೇ ಎಂದಷ್ಟೇ ನೋಡಿದರೆ ಇವು ಸಿಕ್ಕುವುದಿಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ‘ಸುಳ್ಳು’ ಎಂದು ಬರೆಯುವುದೂ ತಪ್ಪು. ಸಂಸ್ಥೆ ಹೆಸರು ಬದಲಿಸಿರಬಹುದು, ಬೇರೊಂದರಲ್ಲಿ ವಿಲೀನವಾಗಿರಬಹುದು, ಕಂಪನಿಯನ್ನು ಅದರ ಬ್ರಾಂಡ್ ಹೆಸರಿನಲ್ಲಿ ನಮೂದಿಸಿರಬಹುದು. ಆಗ ನನ್ನ ವರದಿಯಲ್ಲಿ ಇರುವುದು ‘ದೃಢಪಟ್ಟಿಲ್ಲ’ ಎಂಬ ಪದ ಮಾತ್ರ. ಆದರೆ ಸಂಸ್ಥೆಯ ಡೊಮೇನ್ ನೋಂದಣಿಯಾದದ್ದೇ ಪ್ರಶಸ್ತಿ ಘೋಷಣೆಗೆ ಕೆಲವು ವಾರ ಮೊದಲು, ತೀರ್ಪುಗಾರರ ಹೆಸರು ಎಲ್ಲೂ ಇಲ್ಲ ಎಂದಾದರೆ ಅವೆರಡನ್ನೂ ಹಾಗೆಯೇ ಬರೆಯುತ್ತೇನೆ.

ಕೊಟ್ಟವರು ‘ಹೌದು, ಕೊಟ್ಟಿದ್ದೇವೆ’ ಎಂದ ಮೇಲೂ ಒಂದು ಪ್ರಶ್ನೆ ಉಳಿದಿರುತ್ತದೆ. 2008ರಲ್ಲಿ ರಾಬಿನ್ ಗೋಲ್ಡ್‌ಸ್ಟೀನ್ ಎಂಬ ಲೇಖಕ, ಮಿಲಾನ್‌ನಲ್ಲಿ ಇಲ್ಲದ ರೆಸ್ಟೊರೆಂಟ್ ಒಂದರ ಹೆಸರಿನಲ್ಲಿ ‘ವೈನ್ ಸ್ಪೆಕ್ಟೇಟರ್’ ಪತ್ರಿಕೆಯ ಪ್ರಶಸ್ತಿಗೆ ಅರ್ಜಿ ಹಾಕಿದರು. ಜೊತೆಗೆ ವೈನ್ ಪಟ್ಟಿ ಮತ್ತು 250 ಡಾಲರ್ ಶುಲ್ಕ ಕಳುಹಿಸಿದ್ದರು. ಪಟ್ಟಿಯ ದುಬಾರಿ ವೈನ್‌ಗಳನ್ನು ಅದೇ ಪತ್ರಿಕೆ ಹಿಂದೆ ಕಡಿಮೆ ಅಂಕ ಕೊಟ್ಟಿದ್ದವುಗಳಿಂದಲೇ ಆರಿಸಿದ್ದರು. ಪ್ರಶಸ್ತಿ ಬಂದಿತು. ಅಂದು ಯಾರಾದರೂ ಪತ್ರಿಕೆಯನ್ನು ಕೇಳಿದ್ದರೆ, ವಿಜೇತರ ಪಟ್ಟಿಯಲ್ಲಿ ಆ ಹೆಸರು ಸಿಗುತ್ತಿತ್ತು. ರೆಸ್ಟೊರೆಂಟ್ ಮಾತ್ರ ಇರಲಿಲ್ಲ.

ಅದಕ್ಕಾಗಿ ನನ್ನ ಪತ್ರದ ಕೊನೆಯಲ್ಲಿ ಎರಡು ಸಾಲು ಯಾವಾಗಲೂ ಇರುತ್ತವೆ: ‘ಆಯ್ಕೆಗೆ ಮುನ್ನ ನೀವು ಏನನ್ನು ಖುದ್ದಾಗಿ ಪರಿಶೀಲಿಸಿದಿರಿ? ಪ್ರವೇಶಕ್ಕೋ ಲಾಂಛನ ಬಳಕೆಗೋ ಶುಲ್ಕ ಪಡೆದಿರಾ?’ ಶುಲ್ಕ ಪಡೆದದ್ದೇ ದೋಷವಲ್ಲ. ಗೌರವಾನ್ವಿತ ಸಂಸ್ಥೆಗಳೂ ಪಡೆಯುತ್ತವೆ. ನಾನು ಕಾಯುವುದು ಮೊದಲ ಸಾಲಿನ ಉತ್ತರಕ್ಕೆ. ಎರಡು ವಾರ ಕಳೆದರೂ ಅದಕ್ಕೆ ಉತ್ತರ ಬಾರದಿದ್ದರೆ, ಪತ್ರ ಕಳುಹಿಸಿದ ದಿನಾಂಕದೊಡನೆ ಅಷ್ಟನ್ನೇ ವರದಿಯಲ್ಲಿ ನಮೂದಿಸುತ್ತೇನೆ.